ವಿಸ್ಕಿ ಸಾವರ್‌ಗೆ ಮೊಟ್ಟೆಯೋ, ಕಡಲೆ ಕಟ್ಟೋ?

ಶನಿವಾರ ರಾತ್ರಿ ನಾಲ್ಕು ಜನ ಬಂದು ಕೂತರು. ಇಬ್ಬರಿಗೆ ವಿಸ್ಕಿ ಸಾವರ್, ಅಂದರೆ ನಿಂಬೆ, ಸಕ್ಕರೆ ಬೆರೆಸಿ ಕುಲುಕಿದ ವಿಸ್ಕಿ ಬೇಕು. ಅವರಲ್ಲಿ ಒಬ್ಬರು ಮೆನು ಮಡಿಸುತ್ತಾ ಕೇಳಿದರು: "ಇದ್ರಲ್ಲಿ ಮೊಟ್ಟೆ ಇಲ್ಲ ಅಲ್ವಾ? ಶನಿವಾರ ನಾನು ತಿನ್ನಲ್ಲ." ವಿಸ್ಕಿಗೆ ಶನಿವಾರದ ಅಡ್ಡಿ ಇರಲಿಲ್ಲ ಅನ್ನೋದು ಬೇರೆ ಮಾತು. "ಇದೆ ಮೇಡಂ. ನಿಮಗೆ ಮೊಟ್ಟೆ ಇಲ್ಲದೆ ಮಾಡಿಕೊಡ್ತೀನಿ" ಅಂದೆ.

ಬೆಂಗಳೂರಿನ ಬಾರ್‌ನಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ. ಮೇಲಿನ ಬಿಳಿ ನೊರೆ ಮೊಟ್ಟೆಯದ್ದು, ಅದನ್ನು ಕ್ರೀಮ್ ಅಂದುಕೊಂಡು ಕುಡಿಯುವವರು ಬಹಳ ಜನ. ಹಾಗಾಗಿ ಕೇಳದಿದ್ದರೂ ನಾನೇ ಹೇಳಿಬಿಡುತ್ತೇನೆ. ಮೊಟ್ಟೆ ಅಲರ್ಜಿ ಇರುವವರೂ ಇರುತ್ತಾರೆ. ಇನ್ನು ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇದ್ದರೆ, ಗ್ಲಾಸಿನಲ್ಲಿರುವ ಅಷ್ಟು ಮದ್ಯ, ನಿಂಬೆ ಅದನ್ನು ನಿಮಿಷದಲ್ಲಿ ಕೊಲ್ಲುತ್ತವೆ ಅಂತ ನಂಬಬೇಡಿ. ಗರ್ಭಿಣಿಯರಿಗೆ ಅಂತ ಮನೆಯವರು ಮಾಕ್‌ಟೇಲ್ ಕೇಳಿದಾಗಲೂ ನಾನು ಹಸಿ ಮೊಟ್ಟೆ ಮುಟ್ಟುವುದಿಲ್ಲ.

ಮೊದಲು ಮೊಟ್ಟೆಯ ಗ್ಲಾಸ್ ಮಾಡೋಣ. 60 ಮಿ.ಲೀ. ಬರ್ಬನ್ ವಿಸ್ಕಿ, 22 ಮಿ.ಲೀ. ಆಗ ತಾನೇ ಹಿಂಡಿದ ನಿಂಬೆರಸ, 22 ಮಿ.ಲೀ. ಸಕ್ಕರೆ ಸಿರಪ್. ಸಿರಪ್ ಅಂದರೆ ಸಕ್ಕರೆ, ನೀರು ಸಮಸಮ. ಒಂದು ಮೊಟ್ಟೆಯ ಬಿಳಿ ಸುಮಾರು 30 ಮಿ.ಲೀ. ಬರುತ್ತದೆ. ಅಷ್ಟೂ ಬೇಡ, 20ರಿಂದ 25 ಸಾಕು. ಆದರೆ ಮೊಟ್ಟೆಯ ಬಿಳಿ ಲೋಳೆ, ಅಳೆಯಲು ಹೋದರೆ ಪೂರ್ತಿ ಜಾರಿ ಬೀಳುತ್ತದೆ. ಫೋರ್ಕಿನಿಂದ ನಾಲ್ಕು ಸಲ ಕಲಕಿದರೆ ಲೋಳೆ ಮುರಿದು ಹಿಡಿತಕ್ಕೆ ಬರುತ್ತದೆ. ಮೊಟ್ಟೆಯನ್ನು ಯಾವಾಗಲೂ ಬೇರೆ ಬಟ್ಟಲಿಗೆ ಒಡೆಯಿರಿ. ಕೆಟ್ಟಿದ್ದರೆ ಮೊಟ್ಟೆ ಮಾತ್ರ ಹೋಗುತ್ತದೆ, ವಿಸ್ಕಿ ಉಳಿಯುತ್ತದೆ. ಹಳದಿ ಒಂದು ಹನಿಯೂ ಸೇರಬಾರದು. ಅದರಲ್ಲಿ ಕೊಬ್ಬಿದೆ, ಕೊಬ್ಬು ಸೇರಿದರೆ ನೊರೆ ಸರಿಯಾಗಿ ಏಳುವುದಿಲ್ಲ.

ಈಗ ಎಲ್ಲವನ್ನೂ ಒಂದಕ್ಕೊಂದು ಮುಚ್ಚುವ ಎರಡು ಟಿನ್‌ಗಳ ಶೇಕರ್‌ಗೆ ಸುರಿದು, ಐಸ್ ಹಾಕದೆ ಕುಲುಕಬೇಕು. ಇದೇ ಡ್ರೈ ಶೇಕ್. ಒಳಗೆ ಎಲ್ಲ ದ್ರವವೇ ಇದ್ದರೂ ಐಸ್ ಇಲ್ಲ ಅನ್ನೋ ಕಾರಣಕ್ಕೆ 'ಡ್ರೈ'.

ಐಸ್ ಯಾಕೆ ಬೇಡ? ಮೊಟ್ಟೆಯ ಬಿಳಿಯಲ್ಲಿ ಪ್ರೋಟೀನ್‌ಗಳು ಉಂಡೆ ಕಟ್ಟಿದ ದಾರದ ಹಾಗೆ ಸುತ್ತಿಕೊಂಡಿರುತ್ತವೆ. ಜೋರಾಗಿ ಕುಲುಕಿದಾಗ ಅವು ಬಿಚ್ಚಿಕೊಂಡು ಗಾಳಿಗುಳ್ಳೆಗಳ ಸುತ್ತ ಪೊರೆಯಾಗುತ್ತವೆ. ನಿಂಬೆಯ ಹುಳಿ ಈ ಪೊರೆ ಗಟ್ಟಿಯಾಗಲು ಸಹಾಯ ಮಾಡುತ್ತದೆ. ಸಕ್ಕರೆ ಗುಳ್ಳೆಗಳ ನಡುವಿನ ನೀರು ಬೇಗ ಇಳಿಯದಂತೆ ತಡೆಯುತ್ತದೆ. ತಣ್ಣಗಾದರೆ ಬಿಚ್ಚಿಕೊಳ್ಳುವ ಕೆಲಸವೇ ನಿಧಾನವಾಗುತ್ತದೆ. ಮೇಲಿಂದ ಐಸ್ ಕರಗಿ ನೀರಾಗುತ್ತದೆ. ಅದಕ್ಕೇ ಮೊದಲು ನೊರೆ, ಆಮೇಲೆ ಐಸ್.

ಹದಿನೈದು ಇಪ್ಪತ್ತು ಸೆಕೆಂಡ್ ಕುಲುಕುತ್ತೇನೆ. ಗಡಿಯಾರಕ್ಕಿಂತ ಕಿವಿ ಮೇಲು. ಶುರುವಿನಲ್ಲಿ ಟಿನ್ ಒಳಗೆ ನೀರು ಬಡಿದಂತೆ ಚಳಕ್ ಚಳಕ್ ಅನ್ನುತ್ತದೆ. ನೊರೆ ಎದ್ದ ಮೇಲೆ ಸದ್ದು ಮಂದವಾಗುತ್ತದೆ, ಒಳಗೆ ಬಟ್ಟೆ ತುಂಬಿದ ಹಾಗೆ. ಆಗ ತೆಗೆದು, ದೊಡ್ಡ ಐಸ್ ಗಡ್ಡೆ ಹಾಕಿ, ಟಿನ್ ಹೊರಗೆ ಮಂಜು ಕಟ್ಟುವವರೆಗೆ ಇನ್ನೊಂದು ಹತ್ತು ಹನ್ನೆರಡು ಸೆಕೆಂಡ್.

ಎಚ್ಚರಿಕೆಯೊಂದಿದೆ. ಐಸ್ ಹಾಕಿ ಕುಲುಕುವಾಗ ಟಿನ್ ತಣ್ಣಗಾಗಿ, ಒಳಗಿನ ಗಾಳಿ ಕುಗ್ಗಿ, ಎರಡು ಟಿನ್‌ಗಳು ತಾವೇ ಬಿಗಿದುಕೊಳ್ಳುತ್ತವೆ. ಡ್ರೈ ಶೇಕ್‌ನಲ್ಲಿ ಆ ಬಿಗಿ ಇಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದೇ ಕೈಯಲ್ಲಿ ಸ್ಟೈಲಾಗಿ ಕುಲುಕಲು ಹೋದೆ. ಟಿನ್ ಬಿಚ್ಚಿ ಮೊಟ್ಟೆ, ನಿಂಬೆ, ವಿಸ್ಕಿ ಎಲ್ಲ ನನ್ನ ಬಿಳಿ ಶರ್ಟಿನ ಮೇಲೆ. ಎರಡೂ ಕೈಯಲ್ಲಿ ಹಿಡಿಯಿರಿ.

ಮೊದಲು ಐಸ್ ಜೊತೆ ಕುಲುಕಿ, ಸೋಸಿ, ಆಮೇಲೆ ಐಸ್ ಇಲ್ಲದೆ ಕುಲುಕುವ ಉಲ್ಟಾ ಕ್ರಮವೂ ಇದೆ. ಅದರಲ್ಲಿ ನೊರೆ ಜಾಸ್ತಿ, ನಿಜ. ಆದರೆ ಪಾನೀಯ ಸ್ವಲ್ಪ ಬೆಚ್ಚಗಾಗುತ್ತದೆ, ಕೆಲಸವೂ ಒಂದು ಹೆಜ್ಜೆ ಜಾಸ್ತಿ. ಬಾರ್ ತುಂಬಿದ ರಾತ್ರಿ ನಾನು ಅದಕ್ಕೆ ಕೈ ಹಾಕಲ್ಲ.

ಇನ್ನು ಆ ಶನಿವಾರದ ಮೇಡಂ ಗ್ಲಾಸು. ನಾನು ಹಾಕಿದ್ದು ಅಕ್ವಾಫಾಬಾ. ಹೆಸರಿಗೆ ಹೆದರಬೇಡಿ, ಕಾಬೂಲ್ ಕಡಲೆ ಬೇಯಿಸಿದ ನೀರು ಅಷ್ಟೇ. ಹೋಳಿಗೆ ದಿನ ಬೇಳೆ ಬಸಿದು ಕಟ್ಟಿನ ಸಾರು ಮಾಡುತ್ತೇವಲ್ಲ, ಆ ಕಟ್ಟಿನ ಸಂಬಂಧಿಕ. ಬೇಳೆ ಕುದಿಯುವಾಗ ಪಾತ್ರೆಯಿಂದ ಉಕ್ಕುವ ನೊರೆಯನ್ನು ಎಲ್ಲರೂ ನೋಡಿದ್ದೇವೆ. ಅದಕ್ಕೆ ಕಾರಣ ಕಾಳಿನಿಂದ ನೀರಿಗಿಳಿದ ಪ್ರೋಟೀನ್ ಮತ್ತು ಸಪೋನಿನ್. ಅಂಟುವಾಳಕಾಯಿ ನೊರೆ ಬಿಡುವುದೂ ಸಪೋನಿನ್‌ನಿಂದಲೇ. ಹಾಗಂತ ಅಂಟುವಾಳ ತಂದು ಗ್ಲಾಸಿಗೆ ಹಾಕಬೇಡಿ! ಈ ನೀರು ಮೊಟ್ಟೆಯ ಹಾಗೆ ನೊರೆ ಕಟ್ಟುತ್ತದೆ ಅಂತ 2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ತೋರಿಸಿದರು. ಅಕ್ವಾಫಾಬಾ ಅನ್ನೋ ಹೆಸರು ಬಂದದ್ದು ಮರುವರ್ಷ, ಅಮೆರಿಕದ ಗೂಸ್ ವೋಲ್ಟ್ ಅವರಿಂದ.

ಡಬ್ಬಿಯ ಕಡಲೆಯ ನೀರಿನಲ್ಲಿ ಹೆಚ್ಚಾಗಿ ಉಪ್ಪಿರುತ್ತದೆ, ಅದು ಗ್ಲಾಸಿನಲ್ಲಿ ಗೊತ್ತಾಗುತ್ತದೆ. ಮನೆಯಲ್ಲೇ ಮಾಡುವುದು ಮೇಲು. 100 ಗ್ರಾಂ ಕಾಬೂಲ್ ಕಡಲೆ ರಾತ್ರಿ ನೆನೆಹಾಕಿ. ನೆನೆದ ನೀರು ಚೆಲ್ಲಿ. ಕಾಳಿನ ಮೇಲೆ ಒಂದು ಬೆರಳು ನಿಲ್ಲುವಷ್ಟು ಹೊಸ ನೀರು ಹಾಕಿ ಕುಕ್ಕರ್‌ನಲ್ಲಿ ಮೆತ್ತಗೆ ಬೇಯಿಸಿ. ಉಪ್ಪು ಬೇಡ, ಸೋಡಾ ಬೇಡ. ಬೆಂದ ತಕ್ಷಣ ಬಸಿಯಬೇಡಿ. ಕಾಳಿನ ಜೊತೆಯೇ ಆರಲು ಬಿಟ್ಟು, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಸೋಸಿ. ತೆಳ್ಳಗಿದ್ದರೆ ಸಣ್ಣ ಉರಿಯಲ್ಲಿ ಬತ್ತಿಸಿ. ತಣ್ಣಗಾದ ಮೇಲೆ ಎರಡು ಬೆರಳ ನಡುವೆ ಹಿಡಿದರೆ ಜಾರುವ ಲೋಳೆಯ ಹಾಗಿರಬೇಕು. ಸುಮ್ನೆ ನೀರಿನ ಹಾಗಿದ್ದರೆ ಎಷ್ಟು ಕುಲುಕಿದರೂ ಪಾತ್ರೆ ತೊಳೆದ ನೊರೆಯೇ.

ಗ್ಲಾಸಿಗೆ 25ರಿಂದ 30 ಮಿ.ಲೀ. ಹಾಕುತ್ತೇನೆ, ಡ್ರೈ ಶೇಕ್ ಇನ್ನೊಂದೈದು ಸೆಕೆಂಡ್ ಜಾಸ್ತಿ. ಸ್ಟ್ರೇನರ್‌ನ ಸ್ಪ್ರಿಂಗ್ ಕಳಚಿ ಟಿನ್ ಒಳಗೆ ಹಾಕಿ ಕುಲುಕಿದರೆ ಅದು ಕಡೆಗೋಲಿನ ಕೆಲಸ ಮಾಡುತ್ತದೆ. ಕೊನೆಗೆ ಸಣ್ಣ ಜರಡಿಯಲ್ಲೂ ಸೋಸಿದರೆ ದೊಡ್ಡ ಗುಳ್ಳೆಗಳು ಒಡೆದು ನೊರೆ ನಯವಾಗುತ್ತದೆ.

ಎರಡೂ ಒಂದೇ ಅಂತ ನಾನು ಹೇಳಲ್ಲ. ಸುಟ್ಟ ಓಕ್ ಪೀಪಾಯಿಯಲ್ಲಿ ಕೂತ ಬರ್ಬನ್‌ಗೆ ಒಂದು ಒಗರಿದೆ. ಮೊಟ್ಟೆಯ ಪ್ರೋಟೀನ್ ಆ ಒಗರನ್ನು ಹಿಡಿದುಕೊಳ್ಳುತ್ತದೆ. ಕೆಂಪು ವೈನಿನ ಒಗರು ತೆಗೆಯಲು ಮೊಟ್ಟೆಯ ಬಿಳಿ ಬಳಸುವುದು ಫ್ರಾನ್ಸಿನ ಬೋರ್ಡೋದಲ್ಲಿ ಹಳೆಯ ರೂಢಿ. ಕಡಲೆ ಕಟ್ಟು ಈ ಕೆಲಸ ಅಷ್ಟಾಗಿ ಮಾಡುವುದಿಲ್ಲ. ಹಾಗಾಗಿ ಸಾವರ್ ಒಂದು ಪಾಲು ಚುರುಕಾಗಿರುತ್ತದೆ. ನಾನು ಸಿರಪ್ಪನ್ನು 25ಕ್ಕೆ ಏರಿಸುತ್ತೇನೆ.

ವಾಸನೆ ಎರಡಕ್ಕೂ ಇದೆ. ಮೊಟ್ಟೆಯದ್ದು ಗ್ಲಾಸ್ ಸ್ವಲ್ಪ ಹೊತ್ತು ಕೂತ ಮೇಲೆ ಮೂಗಿಗೆ ಬರುತ್ತದೆ, ಒದ್ದೆ ನಾಯಿಯ ವಾಸನೆ ಅಂತ ಬಾರ್‌ನವರ ಬೈಗುಳ. ಕಡಲೆಯದ್ದು ಹಸಿಕಾಳಿನ ವಾಸನೆ. ಅದಕ್ಕೇ ನೊರೆಯ ಮೇಲೆ ಮೂರು ಹನಿ ಬಿಟರ್ಸ್, ಅಂದರೆ ಬೇರು, ಮಸಾಲೆಗಳ ಕಹಿ ಸಾರ. ಪೆರುವಿನ ಪಿಸ್ಕೋ ಸಾವರ್ ಮೇಲೂ ಹೀಗೇ ಹನಿ ಬೀಳುತ್ತದೆ. ಇದು ಬರೀ ಅಲಂಕಾರ ಅಲ್ಲ, ನೊರೆಯ ಪರೀಕ್ಷೆಯೂ ಹೌದು. ಹನಿ ದುಂಡಗೆ ನಿಂತರೆ ನೊರೆ ಗಟ್ಟಿ, ಹರಡಿದರೆ ಅಥವಾ ಮುಳುಗಿದರೆ ಕುಲುಕಿದ್ದು ಸಾಲದು.

ಅವತ್ತು ಎರಡೂ ಗ್ಲಾಸ್ ಒಟ್ಟಿಗೇ ಇಟ್ಟೆ. ನೋಡಲು ಅವಳಿ ಜವಳಿ. ಹತ್ತು ನಿಮಿಷ ಬಿಟ್ಟು ಮೇಜಿನ ಕಡೆ ಹೋದಾಗ ಮೊಟ್ಟೆಯ ನೊರೆ ಇನ್ನೂ ದಪ್ಪಗೆ ಕೂತಿತ್ತು, ಕಡಲೆಯದ್ದು ಅರ್ಧ ಇಳಿದಿತ್ತು. ಮೇಡಂ ಗ್ಲಾಸು ಆಗಲೇ ಖಾಲಿಯಾಗುತ್ತಾ ಬಂದಿತ್ತು. ಇನ್ನೊಂದು ಕೇಳಿದರು, ಕಟ್ಟು ಮುಗಿದಿತ್ತು. ಅದು ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ ಅಂತ ನಾನು ಸ್ವಲ್ಪವೇ ಮಾಡುತ್ತಿದ್ದೆ. ಈಗ ಐಸ್ ಟ್ರೇಯಲ್ಲಿ ಹಾಕಿ ಫ್ರೀಜರ್‌ನಲ್ಲಿಡುತ್ತೇನೆ. ಸಂಜೆ ಬಂದ ಕೂಡಲೇ ಬೇಕಾದಷ್ಟು ತೆಗೆದು ಕರಗಲು ಬಿಟ್ಟರಾಯಿತು.