ವಿದೇಶದ ಲೈಸೆನ್ಸ್ ಇದ್ದವರಿಗೆ ಊರಿನಲ್ಲಿ ಮತ್ತೆ ಚಾಲನಾ ಪರೀಕ್ಷೆ ಬೇಕೇ?

ವಿದೇಶದಿಂದ ವಾಪಸಾದವರು ಲೈಸೆನ್ಸ್ ವಿಚಾರಕ್ಕೆ ನನ್ನ ಬಳಿ ಬಂದಾಗ ನಾನು ಮೊದಲು ಕೇಳುವುದು, ‘ಹೋಗುವ ಮುಂಚೆ ಇಲ್ಲಿ ಡಿಎಲ್ ಮಾಡಿಸಿದ್ದಿರಾ?’ ಎಂದು. ಮಾಡಿಸಿದ್ದರೆ ವಿದೇಶದ ಲೈಸೆನ್ಸಿನ ಪರಿವರ್ತನೆಯ ಮಾತೇ ಬೇಡ, ಹಳೆಯದನ್ನೇ ನವೀಕರಿಸಬೇಕು. ಚಾಲ್ತಿಯಲ್ಲಿರುವ ಒಂದು ಡಿಎಲ್ ಇಟ್ಟುಕೊಂಡು ಇನ್ನೊಂದನ್ನು ಪಡೆಯಲು ಕಾನೂನು ಬಿಡುವುದಿಲ್ಲ. ಅವಧಿ ಮುಗಿದು ಒಂದು ವರ್ಷದೊಳಗಿದ್ದರೆ ನವೀಕರಣ ಸಲೀಸು. 2019ರ ತಿದ್ದುಪಡಿಯ ನಂತರ, ಒಂದು ವರ್ಷ ದಾಟಿದರೆ ಚಾಲನಾ ಪರೀಕ್ಷೆ ಪಾಸಾಗದೆ ನವೀಕರಣವಿಲ್ಲ. ಹಳೆಯ ಪುಸ್ತಕದ ಮಾದರಿಯ ಲೈಸೆನ್ಸ್ ಆಗಿದ್ದರೆ ಅದರ ಸಂಖ್ಯೆ ಲೈಸೆನ್ಸ್ ಅರ್ಜಿಗಳ ಸರ್ಕಾರಿ ಜಾಲತಾಣವಾದ ಸಾರಥಿ ಪೋರ್ಟಲ್‌ನಲ್ಲಿ ಸಿಗದಿರಬಹುದು. ಗಾಬರಿ ಬೇಡ, ಲೈಸೆನ್ಸ್ ಕೊಟ್ಟ ಆರ್‌ಟಿಒ ಕಚೇರಿಯಲ್ಲಿ ‘ಬ್ಯಾಕ್‌ಲಾಗ್’ ನಮೂದು, ಅಂದರೆ ಹಳೆಯ ಲೈಸೆನ್ಸಿನ ವಿವರವನ್ನು ಪೋರ್ಟಲ್‌ಗೆ ಸೇರಿಸುವ ಕೆಲಸ, ಮಾಡಿಸಿಕೊಳ್ಳಿ.

ಇಲ್ಲಿ ಎಂದೂ ಡಿಎಲ್ ಮಾಡಿಸದೆ, ಹೊರಗೇ ಗಾಡಿ ಕಲಿತು ಬಂದವರ ದಾರಿ ಬೇರೆ. ಮೋಟಾರು ವಾಹನಗಳ ಅಧಿನಿಯಮ 1988ರ 9ನೇ ಪ್ರಕರಣದ 3ನೇ ಉಪಪ್ರಕರಣ ಅವರಿಗಾಗಿ ಒಂದು ವಿನಾಯಿತಿ ಇಟ್ಟಿದೆ. ಹೊರದೇಶದ ಸಕ್ಷಮ ಪ್ರಾಧಿಕಾರ ಕೊಟ್ಟ ಲೈಸೆನ್ಸ್ ಹೊಂದಿರುವವರು, ವೈದ್ಯಕೀಯ ಷರತ್ತನ್ನು ಪೂರೈಸಿದರೆ, ಅದೇ ವರ್ಗದ ವಾಹನಕ್ಕೆ ಇಲ್ಲಿ ಚಾಲನಾ ಪರೀಕ್ಷೆ ಕೊಡಬೇಕಾಗಿಲ್ಲ. ಇದರಲ್ಲಿ ಎರಡು ಅಂಶಗಳ ಮೇಲೆ ಎಲ್ಲವೂ ನಿಂತಿದೆ. ಒಂದು, ಲೈಸೆನ್ಸ್ ‘ಹೊಂದಿರಬೇಕು’, ಹಿಂದೊಮ್ಮೆ ಹೊಂದಿದ್ದರೆ ಸಾಲದು. ಅವಧಿ ಮುಗಿದ ವಿದೇಶಿ ಕಾರ್ಡ್ ಹಿಡಿದು ಹೋದರೆ ನಿಮ್ಮ ವಾದಕ್ಕೆ ಬಲವಿರುವುದಿಲ್ಲ. ಇನ್ನೊಂದು, ವಿನಾಯಿತಿ ಸಿಗುವುದು ಆ ಕಾರ್ಡಿನಲ್ಲಿ ನಮೂದಾದ ವರ್ಗಕ್ಕೆ ಮಾತ್ರ.

ದುಬೈಯಲ್ಲಿ ನರ್ಸ್ ಆಗಿದ್ದು ಕರಾವಳಿಗೆ ಮರಳಿದ ಒಬ್ಬ ಹೆಣ್ಣುಮಗಳ ಪ್ರಕರಣ ಹೇಳುತ್ತೇನೆ. ಯುಎಇ ಲೈಸೆನ್ಸಿಗೆ ಇನ್ನೂ ಅವಧಿ ಇತ್ತು, ಅದರಲ್ಲಿ ಇದ್ದದ್ದು ಲಘು ವಾಹನ ಮಾತ್ರ. ಊರಲ್ಲಿ ಅವರಿಗೆ ಕಾರಿನ ಜೊತೆ ಸ್ಕೂಟರೂ ಬೇಕಿತ್ತು. ಕೌಂಟರಿನಲ್ಲಿ, ‘ಮೇಡಂ, ದುಬೈದೆಲ್ಲ ಇಲ್ಲಿ ನಡೆಯಲ್ಲ, ಎರಡಕ್ಕೂ ಎಲ್‌ಎಲ್ ಮಾಡಿಸಿ ಟೆಸ್ಟ್‌ಗೆ ಬನ್ನಿ’ ಎಂದು ಕಳಿಸಿದರು. ಸ್ಕೂಟರಿನ ಮಟ್ಟಿಗೆ ಆ ಉತ್ತರ ಸರಿ. ದ್ವಿಚಕ್ರ ವಾಹನ ಅವರ ಕಾರ್ಡಿನಲ್ಲೇ ಇರಲಿಲ್ಲವಾದ್ದರಿಂದ ಎಲ್‌ಎಲ್, ಅಂದರೆ ಕಲಿಕಾ ಲೈಸೆನ್ಸ್ ಪಡೆದು, 30 ದಿನ ಕಳೆದು, ಆರು ತಿಂಗಳೊಳಗೆ ಟ್ರ್ಯಾಕ್‌ನಲ್ಲಿ ಓಡಿಸಿ ತೋರಿಸಲೇಬೇಕು. ಕಾರಿನ ಮಟ್ಟಿಗೆ ಮಾತ್ರ ಅದು ತಪ್ಪು. ನಾವು ಒಂದು ಪುಟದ ಮನವಿ ಬರೆದೆವು. 9(3)ರ ಉಲ್ಲೇಖ, ವಿದೇಶಿ ಲೈಸೆನ್ಸಿನ ಸಂಖ್ಯೆ, ಅವಧಿ, ವಾಹನದ ವರ್ಗ, ಲಘು ವಾಹನಕ್ಕೆ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಕೊಡಿ ಎಂಬ ಕೋರಿಕೆ, ಇಷ್ಟೇ. ಅದನ್ನು ಆರ್‌ಟಿಒ ಅಧಿಕಾರಿಗೇ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಂಡೆವು. ಕಾರಿನ ಪರೀಕ್ಷೆ ಮನ್ನಾ ಆಯಿತು.

ಬಾಯಿಮಾತಿನಲ್ಲಿ ಕೇಳಿದವರಿಗೆ ಬಾಯಿಮಾತಿನಲ್ಲೇ ‘ಆಗಲ್ಲ’ ಎನ್ನುವುದು ಸುಲಭ. ಲಿಖಿತ ಅರ್ಜಿಯನ್ನು ತಿರಸ್ಕರಿಸಲು ಕಾರಣ ಬರೆಯಬೇಕಾಗುತ್ತದೆ. ಏಜೆಂಟರಿಗೆ ದುಡ್ಡು ಕೊಡುವ ಮೊದಲು ಈ ಒಂದು ಪುಟ ಬರೆಯಿರಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುವುದು ಅದಕ್ಕೇ. ಆದರೆ ಕಾರಿಗೂ ಎಲ್‌ಎಲ್ ಅರ್ಜಿ ಹಾಕಿ ಎಂದು ಕಚೇರಿ ಹೇಳಿದರೆ ಅದಕ್ಕಾಗಿ ಜಗಳ ಬೇಡ. ಕಾನೂನಿನ ಈ ವಿನಾಯಿತಿ ಇರುವುದು ಓಡಿಸಿ ತೋರಿಸುವ ಪರೀಕ್ಷೆಗೆ, ಅರ್ಜಿಯ ಎಲ್ಲ ಹಂತಗಳಿಗಲ್ಲ.

ದಾಖಲೆಗಳಲ್ಲಿ ತೊಡಕಾಗುವುದು ಹೆಚ್ಚಾಗಿ ಭಾಷೆಯಿಂದ. ಯುಎಇ ಕಾರ್ಡಿನಲ್ಲಿ ಅರೇಬಿಕ್ ಜೊತೆ ಇಂಗ್ಲಿಷೂ ಇರುವುದರಿಂದ ಅಡ್ಡಿಯಾಗಲಿಲ್ಲ. ಜಪಾನ್, ಜರ್ಮನಿಯಿಂದ ಬರುವವರು ಅಲ್ಲಿದ್ದಾಗಲೇ ದೃಢೀಕೃತ ಇಂಗ್ಲಿಷ್ ಅನುವಾದ ಮಾಡಿಸಿಕೊಂಡರೆ ಒಳ್ಳೆಯದು. ಲೈಸೆನ್ಸ್ ಅಸಲಿಯೇ ಎಂಬ ಪ್ರಶ್ನೆಯೂ ಬರಬಹುದು. ಅಮೆರಿಕದವರು ಹೊರಡುವ ಮೊದಲು ತಮ್ಮ ರಾಜ್ಯದಲ್ಲಿ ಲೈಸೆನ್ಸ್ ಕೊಡುವ ಇಲಾಖೆಯಾದ ಡಿಎಂವಿಯಿಂದ ಚಾಲನಾ ದಾಖಲೆಯ ಪ್ರತಿ ತೆಗೆದುಕೊಂಡಿದ್ದರೆ ಆಗ ಕೈಗೆ ಬರುತ್ತದೆ. ಉಳಿದಂತೆ ಪಾಸ್‌ಪೋರ್ಟ್, ಇಲ್ಲಿನ ವಿಳಾಸದ ಪುರಾವೆ, ನಮೂನೆ 1ರ ಆರೋಗ್ಯ ಘೋಷಣೆ ಸಾಕು. 40 ದಾಟಿದವರಿಗೆ ವೈದ್ಯರು ಸಹಿ ಮಾಡಿದ ನಮೂನೆ 1ಎ ಕೇಳುತ್ತಾರೆ.

ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇದೆಯಲ್ಲ, ಅವಸರವೇನು ಎನ್ನುವವರಿದ್ದಾರೆ. ಅದು ಪ್ರವಾಸಕ್ಕೆ ಬರುವವರಿಗೆಂದು ಇರುವ, ಹೆಚ್ಚೆಂದರೆ ಒಂದು ವರ್ಷ ಬಾಳುವ ಕಾಗದ. ಊರಿಗೆ ಬಂದು ನೆಲೆಸಿದವರು ಅದನ್ನು ನಂಬಿ ಕಾರು ಓಡಿಸಿ ಅಪಘಾತವಾದರೆ, ವಿಮಾ ಕಂಪನಿ ಮೊದಲು ನೋಡುವುದು ಪಾಲಿಸಿಯಲ್ಲಿರುವ ಚಾಲಕರ ಷರತ್ತನ್ನು. ಸಿಂಧುವಾದ ಲೈಸೆನ್ಸ್ ಇರಲಿಲ್ಲ ಎಂದು ಸಾಬೀತಾದರೆ ನಿಮ್ಮ ಕಾರಿನ ದುರಸ್ತಿ ಹಣ ಕೈತಪ್ಪಬಹುದು. ಗಾಯಗೊಂಡವರಿಗೆ ಕಂಪನಿ ಪರಿಹಾರ ಕೊಟ್ಟು, ಆ ಮೊತ್ತವನ್ನು ವಾಹನದ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಮಂಡಳಿ ಆದೇಶಿಸಿದ ಪ್ರಕರಣಗಳೂ ಇವೆ. ಕಾರು ಅಪ್ಪನ ಹೆಸರಿನಲ್ಲಿದ್ದರೆ ನೋಟಿಸ್ ಬರುವುದು ಅಪ್ಪನಿಗೆ.