ರಾಶಿಯಿಂದ ಒಂದೇ ಒಂದನ್ನು ಎತ್ತುವುದು: ಬಿನ್ ಪಿಕಿಂಗ್ ನಡೆದು ಬಂದ ದಾರಿ

ಫೋರ್ಜಿಂಗ್ ಮುಗಿದ ಕನೆಕ್ಟಿಂಗ್ ರಾಡ್‌ಗಳು ಮೆಷಿನ್ ಶಾಪ್‌ಗೆ ಕಬ್ಬಿಣದ ಬಿನ್‌ನಲ್ಲಿ ಬರುತ್ತವೆ. ಒಂದರ ಮೇಲೊಂದು, ಅಡ್ಡಾದಿಡ್ಡಿ. ಆಪರೇಟರ್ ಬಗ್ಗಿ ಒಂದನ್ನು ಎತ್ತುತ್ತಾನೆ, ಸರಿಯಾದ ಕಡೆಗೆ ತಿರುಗಿಸುತ್ತಾನೆ, ಮೆಷಿನ್‌ನಲ್ಲಿ ಅದನ್ನು ಅಲುಗದಂತೆ ಹಿಡಿದಿಡುವ ಫಿಕ್ಸ್ಚರ್‌ಗೆ ಕೂರಿಸುತ್ತಾನೆ. ಶಿಫ್ಟ್ ಪೂರ್ತಿ ಇದೇ ಕೆಲಸ. ಸಂಜೆ ಹೊತ್ತಿಗೆ ಸೊಂಟ ಹಿಡಿದಿರುತ್ತದೆ. ಸಣ್ಣ ಸ್ಕ್ರೂ, ನಟ್‌ಗಳಾದರೆ ಬೌಲ್ ಫೀಡರ್ ಇದೆ. ಅದು ಅಲುಗಾಡಿಸಿ ಅಲುಗಾಡಿಸಿ ಒಂದೊಂದನ್ನೇ ಸಾಲಾಗಿ ಕಳಿಸುತ್ತದೆ. ಆದರೆ ಅದರ ಬೌಲ್ ಅನ್ನು ಒಂದೊಂದು ಭಾಗದ ಆಕಾರಕ್ಕೂ ಬೇರೆಯಾಗಿ ಮಾಡಿಸಬೇಕು. ತೂಕದ ಫೋರ್ಜಿಂಗ್‌ಗೆ ಅದು ಒಗ್ಗುವುದೂ ಇಲ್ಲ. ಬಿನ್‌ನಿಂದ ಎತ್ತುವ ಈ ಕೆಲಸವನ್ನು ರೋಬೋಟ್ ಕೈಗೆ ಕೊಡುವುದೇ ಬಿನ್ ಪಿಕಿಂಗ್. ಆ ಪ್ರಯತ್ನಕ್ಕೆ ನಲವತ್ತು ವರ್ಷ ದಾಟಿದೆ.

ಮೊದಲ ದೊಡ್ಡ ಹೆಜ್ಜೆ ಇಟ್ಟವರಲ್ಲಿ ಅಮೆರಿಕದ ಎಂಐಟಿಯ ಬರ್ತೋಲ್ಡ್ ಹಾರ್ನ್ ಮತ್ತು ಕತ್ಸುಶಿ ಇಕೆಯುಚಿ ಇದ್ದರು. 1984ರಲ್ಲಿ ಅವರು ತಮ್ಮ ವ್ಯವಸ್ಥೆಯನ್ನು ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ವಿವರಿಸಿದರು. ರಾಶಿ ಹಾಕಿದ ಬಳೆಯಾಕಾರದ ಭಾಗಗಳ ಮೇಲೆ ಬೇರೆ ಬೇರೆ ದಿಕ್ಕಿನಿಂದ ಒಂದಾದ ಮೇಲೊಂದು ದೀಪ ಹಾಕಿ, ಪ್ರತಿ ಸಲವೂ ಫೋಟೋ ತೆಗೆಯುವುದು. ಒಂದೇ ಜಾಗ ಒಂದು ದೀಪಕ್ಕೆ ಬೆಳ್ಳಗೆ, ಇನ್ನೊಂದಕ್ಕೆ ಮಬ್ಬಾಗಿ ಕಂಡರೆ, ಆ ಮೇಲ್ಮೈ ಯಾವ ಕಡೆಗೆ ವಾಲಿದೆ ಅಂತ ಲೆಕ್ಕ ಹಾಕಬಹುದು. ಜಾಣ ಉಪಾಯ. ಆದರೆ ಇದರಿಂದ ಸಿಗುವುದು ಓರೆ ಮಾತ್ರ. ಮೇಲ್ಮೈ ಕ್ಯಾಮೆರಾದಿಂದ ಎಷ್ಟು ದೂರ ಇದೆ ಅನ್ನುವುದು ನೇರವಾಗಿ ಸಿಗುವುದಿಲ್ಲ. ಭಾಗವನ್ನು ಹಿಡಿಯುವ ರೋಬೋಟ್‌ನ ಗ್ರಿಪ್ಪರ್‌ಗೆ ಬೇಕಾದದ್ದು ಎರಡೂ, ಅಲ್ವಾ?

ದೂರ ಅಳೆಯುವ ಕ್ಯಾಮೆರಾಗಳು ಆಮೇಲೆ ಸುಧಾರಿಸಿದವು. ಈಗ ಕಾರ್ಖಾನೆಗಳಲ್ಲಿ ಜಾಸ್ತಿ ಕಾಣುವುದು ಪಟ್ಟೆ ಪಟ್ಟೆ ಬೆಳಕನ್ನು ರಾಶಿಯ ಮೇಲೆ ಹಾಯಿಸಿ, ಪಟ್ಟೆ ಹೇಗೆ ಬಾಗಿತು ಅಂತ ನೋಡುವ ಬಗೆ. ಅದರಿಂದ ಸಿಗುವುದೇ ಪಾಯಿಂಟ್ ಕ್ಲೌಡ್, ಅಂದರೆ ಲಕ್ಷಗಟ್ಟಲೆ ಬಿಂದುಗಳು. ಪ್ರತಿಯೊಂದಕ್ಕೂ x, y, z. ಆದರೆ ಯಾವ ಬಿಂದು ಯಾವ ರಾಡ್‌ಗೆ ಸೇರಿದ್ದು ಅಂತ ಯಾವ ಬಿಂದುವಿನ ಮೇಲೂ ಬರೆದಿರುವುದಿಲ್ಲ.

ಈ ಗಂಟನ್ನು ಬಿಡಿಸಿದ್ದರಲ್ಲಿ 2010ರ ಒಂದು ಪ್ರಬಂಧದ ಪಾಲು ದೊಡ್ಡದು. ಬರ್ಟ್ರಾಮ್ ಡ್ರಾಸ್ಟ್ ಮತ್ತು ಸಂಗಡಿಗರು ಜರ್ಮನಿಯಲ್ಲಿ ಮಾಡಿದ ಕೆಲಸ ಅದು. ಈ ಕ್ಷೇತ್ರದಲ್ಲಿ ನಿಧಾನವಾಗಿ ಓದಿ ಅರ್ಥ ಮಾಡಿಕೊಳ್ಳಲೇಬೇಕಾದ ಉಪಾಯ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ. ಎರಡು ಬಿಂದು ತೆಗೆದುಕೊಳ್ಳಿ. ಪ್ರತಿ ಬಿಂದುವಿನಲ್ಲೂ ಮೇಲ್ಮೈ ಮುಖ ಮಾಡಿರುವ ದಿಕ್ಕು, ಅಂದರೆ ನಾರ್ಮಲ್, ಗೊತ್ತಿರಲಿ. ಈಗ ನಾಲ್ಕು ಸಂಖ್ಯೆ ಬರೆಯಿರಿ: ಬಿಂದುಗಳ ನಡುವಿನ ಅಂತರ, ಮೊದಲ ನಾರ್ಮಲ್‌ಗೂ ಜೋಡಿಸುವ ಗೆರೆಗೂ ಇರುವ ಕೋನ, ಎರಡನೇ ನಾರ್ಮಲ್‌ಗೂ ಅದೇ ಗೆರೆಗೂ ಇರುವ ಕೋನ, ಎರಡು ನಾರ್ಮಲ್‌ಗಳ ನಡುವಿನ ಕೋನ. ಭಾಗ ಹೇಗೇ ಉರುಳಿ ಬಿದ್ದಿರಲಿ, ಈ ನಾಲ್ಕೂ ಬದಲಾಗುವುದಿಲ್ಲ.

ನಮ್ಮ ಕನೆಕ್ಟಿಂಗ್ ರಾಡ್ 150 ಮಿ.ಮೀ. ಉದ್ದ ಅಂತಿಟ್ಟುಕೊಳ್ಳೋಣ. ಮೊದಲ ಬಿಂದು ದೊಡ್ಡ ತುದಿಯ ಮೇಲ್ಭಾಗದಲ್ಲಿದೆ, ಅದರ ನಾರ್ಮಲ್ ಮೇಲಕ್ಕೆ. ಎರಡನೆಯದು 30 ಮಿ.ಮೀ. ಪಕ್ಕಕ್ಕೆ, 10 ಮಿ.ಮೀ. ಕೆಳಗೆ, ಅಂಚಿನ ಗೋಡೆಯ ಮೇಲಿದೆ. ಅದರ ನಾರ್ಮಲ್ ಹೊರಗಡೆಗೆ. ಅಂತರ 31.6 ಮಿ.ಮೀ., ಕೋನಗಳು 108.4, 18.4 ಮತ್ತು 90 ಡಿಗ್ರಿ. ಅಂತರವನ್ನು ಉದ್ದದ ಶೇ. 5ರ ಮೆಟ್ಟಿಲುಗಳಾಗಿ, ಅಂದರೆ 7.5 ಮಿ.ಮೀ.ಗೆ ಒಂದರಂತೆ, ಕೋನವನ್ನು 12 ಡಿಗ್ರಿಗೆ ಒಂದರಂತೆ ಕತ್ತರಿಸಿದರೆ ಈ ಜೋಡಿಯ ವಿಳಾಸ `(4, 9, 1, 7)`. ಕಂಪ್ಯೂಟರ್‌ನಲ್ಲಿ ಬಿಡಿಸಿಟ್ಟ ರಾಡ್‌ನ ಕ್ಯಾಡ್ ಮಾದರಿಯ ಎಲ್ಲ ಜೋಡಿಗಳನ್ನೂ ಹೀಗೆ ಮೊದಲೇ ಒಂದು ಪಟ್ಟಿಗೆ ಸೇರಿಸಿಟ್ಟಿರುತ್ತಾರೆ.

ಬಿನ್‌ನ ಚಿತ್ರ ಬಂದಾಗ ಒಂದು ಬಿಂದುವನ್ನು ಹಿಡಿದು, ಸುತ್ತಲಿನ ಬಿಂದುಗಳ ಜೊತೆ ಜೋಡಿ ಮಾಡಿ, ಪಟ್ಟಿಯಲ್ಲಿ ವಿಳಾಸ ಹುಡುಕುತ್ತಾರೆ. ಸಿಕ್ಕ ಪ್ರತಿ ಜೋಡಿಯೂ ಒಂದು ವೋಟು ಹಾಕುತ್ತದೆ: "ಈ ಬಿಂದು ಮಾದರಿಯ ಇಂಥ ಬಿಂದು, ನಾರ್ಮಲ್ ಸುತ್ತ ಇಷ್ಟು ತಿರುಗಿದೆ." ಬಿಂದುವೂ ನಾರ್ಮಲ್ಲೂ ಹೊಂದಿದ ಮೇಲೆ ಉಳಿಯುವುದು ಆ ಒಂದೇ ತಿರುವು. ಹಾಗಾಗಿ ಹುಡುಕಾಟ ಚಿಕ್ಕದಾಗುತ್ತದೆ. ಅದೇ ಇದರ ಸೊಗಸು. ಭಾಗ ಎಲ್ಲಿದೆ, ಹೇಗೆ ತಿರುಗಿ ಬಿದ್ದಿದೆ ಅನ್ನುವುದೇ ಅದರ ಭಂಗಿ. ಜಾಸ್ತಿ ವೋಟು ಬಿದ್ದ ಭಂಗಿಗಳನ್ನು ಆರಿಸಿ, ಮಾದರಿಯನ್ನು ಬಿಂದುಗಳ ಮೇಲೆ ಸ್ವಲ್ಪ ಸ್ವಲ್ಪವೇ ಸರಿಸಿ ಕೂರಿಸುತ್ತಾರೆ. ಈ ಕೂರಿಸುವ ಹಂತಕ್ಕೆ ಐಸಿಪಿ ಅನ್ನುತ್ತಾರೆ. ಅದು 1990ರ ದಶಕದ ಶುರುವಿನಿಂದಲೇ ಇದೆ.

ತಪ್ಪುವುದು ಎಲ್ಲಿ? ಚಪ್ಪಟೆ ಜಾಗದಲ್ಲಿ. ಸಮತಟ್ಟಾದ ಮುಖದ ಮೇಲಿನ ಯಾವ ಎರಡು ಬಿಂದು ತೆಗೆದುಕೊಂಡರೂ ಕೋನಗಳು 90, 90, 0. ಬಿನ್‌ನ ತಳದ ಮೇಲೂ ಅಷ್ಟೇ. ಹಾಗಾಗಿ ಚಪ್ಪಟೆ ಭಾಗಗಳನ್ನು ಹುಡುಕುವಾಗ, ಖಾಲಿ ತಳದಲ್ಲೂ ಭಾಗ "ಸಿಕ್ಕಿತು" ಅಂತ ಬರುತ್ತದೆ. ಬಿನ್‌ನ ಗೋಡೆ ಮತ್ತು ತಳದ ಬಿಂದುಗಳನ್ನು ಮೊದಲೇ ಕತ್ತರಿಸಿ ತೆಗೆಯುವುದು ಇದಕ್ಕೇ. ಇನ್ನೊಂದು ಕಾಟ ಹೊಳಪು. ಮೆಷಿನಿಂಗ್ ಆದ, ಎಣ್ಣೆ ಹತ್ತಿದ ಲೋಹ ಪಟ್ಟೆ ಬೆಳಕನ್ನು ಕನ್ನಡಿಯಂತೆ ಬೇರೆಡೆಗೆ ತಿರುಗಿಸುತ್ತದೆ. ಆಗ ಕ್ಲೌಡ್‌ನಲ್ಲಿ ತೂತುಗಳು ಬೀಳುತ್ತವೆ. ಪಕ್ಕದ ಭಾಗದಿಂದ ಪ್ರತಿಫಲಿಸಿದ ಬೆಳಕಿನಿಂದ ಇಲ್ಲದ ಮೇಲ್ಮೈಯೂ ಹುಟ್ಟುತ್ತದೆ. ತೂತು ಪರವಾಗಿಲ್ಲ, ಇಲ್ಲದ ಮೇಲ್ಮೈ ಅಪಾಯ.

ಭಂಗಿ ಸಿಕ್ಕಿದರೆ ಹಿಡಿತ ಸಿಕ್ಕಂತಲ್ಲ. ಎಲ್ಲಿ ಹಿಡಿಯಬಹುದು ಅನ್ನುವುದನ್ನು ಕ್ಯಾಡ್ ಮಾದರಿಯ ಮೇಲೆ ಮೊದಲೇ ಗುರುತಿಸಿರುತ್ತಾರೆ: ನಡುವಿನ ಕಂಬದ ಎರಡು ಬದಿ, ದೊಡ್ಡ ತುದಿಯ ಒಳಗಿನ ರಂಧ್ರ, ಹೀಗೆ. ಆಮೇಲೆ ಲೆಕ್ಕ ಇಷ್ಟೇ:

```
T_base_grasp = T_base_cam * T_cam_obj * T_obj_grasp
```

ಕೊನೆಯದು ಮಾದರಿಯ ಮೇಲೆ ಗುರುತಿಸಿಟ್ಟ ಹಿಡಿತ. ನಡುವಿನದು ಈಗ ಕಂಡುಹಿಡಿದ ಭಂಗಿ. ಮೊದಲನೆಯದು ರೋಬೋಟ್‌ಗೂ ಕ್ಯಾಮೆರಾಗೂ ಇರುವ ಸಂಬಂಧ, ಅಂದರೆ ಹ್ಯಾಂಡ್-ಐ ಕ್ಯಾಲಿಬ್ರೇಷನ್. ಇಲ್ಲಿ 1 ಡಿಗ್ರಿ ತಪ್ಪಿದರೆ, 1 ಮೀಟರ್ ದೂರದಲ್ಲಿ ಸುಮಾರು 17 ಮಿ.ಮೀ. ತಪ್ಪು. ತಪ್ಪು ಯಾರದ್ದು ಅಂತ ತಿಳಿಯುವುದು ಸುಲಭ. ಸ್ಕ್ರೀನ್ ಮೇಲೆ ಮಾದರಿಯನ್ನು ಕ್ಲೌಡ್ ಮೇಲೆ ಇಟ್ಟು ನೋಡಿ. ಅದು ಸರಿಯಾಗಿ ಕೂತಿದ್ದರೂ ಗ್ರಿಪ್ಪರ್ ಪ್ರತಿ ಸಲ ಒಂದೇ ಕಡೆಗೆ ಜಾರುತ್ತಿದ್ದರೆ ಮೊದಲು ಕ್ಯಾಲಿಬ್ರೇಷನ್ ನೋಡಬೇಕು. ಮಾದರಿಯೇ ಓರೆಯಾಗಿ ಕೂತಿದ್ದರೆ, ಒಂದೊಂದು ಭಾಗಕ್ಕೆ ಒಂದೊಂದು ರೀತಿ ತಪ್ಪುತ್ತಿದ್ದರೆ, ಭಂಗಿ ಹುಡುಕುವ ಹಂತ ನೋಡಬೇಕು.

ಇಷ್ಟಾದರೂ ಗುರುತಿಸಿಟ್ಟ ಹಿಡಿತಗಳಲ್ಲಿ ಅರ್ಧಕ್ಕರ್ಧ ಕೈಬಿಡಬೇಕಾಗಬಹುದು. ಗ್ರಿಪ್ಪರ್‌ನ ಬೆರಳು ಪಕ್ಕದ ರಾಡ್‌ಗೆ ತಾಗುತ್ತದೆ, ಮಣಿಕಟ್ಟು ಬಿನ್‌ನ ಗೋಡೆಗೆ ಬಡಿಯುತ್ತದೆ. ಮೂಲೆಯಲ್ಲಿ ಗೋಡೆಗೆ ಒರಗಿ ನಿಂತ ಕೊನೆಯ ನಾಲ್ಕೈದು ಭಾಗಗಳೇ ಮೇಲಿನ ರಾಶಿಗಿಂತ ಕಷ್ಟ.

2017ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಜೆಫ್ ಮಾಹ್ಲರ್, ಕೆನ್ ಗೋಲ್ಡ್‌ಬರ್ಗ್ ತಂಡ ಬೇರೆ ದಾರಿ ಹಿಡಿಯಿತು. ಅವರ ಡೆಕ್ಸ್-ನೆಟ್ 2.0, ವಸ್ತು ಯಾವುದು ಅಂತ ಕೇಳುವುದೇ ಇಲ್ಲ. ಕಂಪ್ಯೂಟರ್‌ನಲ್ಲೇ ತಯಾರಿಸಿದ 67 ಲಕ್ಷ ಪಾಯಿಂಟ್ ಕ್ಲೌಡ್‌ಗಳಿಂದ ಕಲಿತ ನ್ಯೂರಲ್ ನೆಟ್‌ವರ್ಕ್, ದೂರವನ್ನು ತೋರಿಸುವ ಡೆಪ್ತ್ ಚಿತ್ರ ನೋಡಿ ಯಾವ ಹಿಡಿತ ಗಟ್ಟಿ ಅಂತ ನೇರವಾಗಿ ಅಂಕ ಕೊಡುತ್ತದೆ. ಗೋದಾಮಿನಲ್ಲಿ ನೂರಾರು ಬಗೆಯ ಪೊಟ್ಟಣ ಎತ್ತಿ ಪೆಟ್ಟಿಗೆಗೆ ಹಾಕಬೇಕಾದರೆ ಇದೇ ಸರಿಯಾದ ದಾರಿ. ಆದರೆ ಫಿಕ್ಸ್ಚರ್ ಹಾಗಲ್ಲ. ರಾಡ್‌ನ ದೊಡ್ಡ ತುದಿ ಯಾವ ಕಡೆಗಿದೆ ಅಂತ ಗೊತ್ತಿಲ್ಲದೆ ಸುಮ್ನೆ ಗಟ್ಟಿಯಾಗಿ ಹಿಡಿದು ಪ್ರಯೋಜನ ಇಲ್ಲ. ಭಂಗಿ ಹುಡುಕುವ ಕೆಲಸದಲ್ಲೂ ನ್ಯೂರಲ್ ನೆಟ್‌ವರ್ಕ್ ಮುಂದೆ ಬಂತು, ಆದರೆ ತಡವಾಗಿ. ಬಾಪ್ ಅನ್ನುವ ಸ್ಪರ್ಧೆಯಲ್ಲಿ ಬಿಂದು ಜೋಡಿಗಳ ವಿಧಾನವನ್ನು ಅದು ಹಿಂದಿಕ್ಕಿದ್ದು 2020ರಲ್ಲಿ.

ಈಗ ಲೈನ್‌ಗಳಲ್ಲಿ ಎರಡನ್ನೂ ಬೆರೆಸುವುದುಂಟು. ಬಿನ್‌ನಿಂದ ಸಿಕ್ಕ ಹಾಗೆ ಒಂದನ್ನು ಎತ್ತಿ ಚಪ್ಪಟೆ ಮೇಜಿನ ಮೇಲೆ ಬಿಡುತ್ತಾರೆ. ಅಲ್ಲಿ ಅದು ಒಂಟಿಯಾಗಿ, ಮೂರೋ ನಾಲ್ಕೋ ರೀತಿಯಲ್ಲಷ್ಟೇ ನಿಲ್ಲಬಲ್ಲದು. ಇನ್ನೊಂದು ಕ್ಯಾಮೆರಾ ಅದನ್ನು ನೋಡಿ ಭಂಗಿ ಹೇಳುತ್ತದೆ, ರೋಬೋಟ್ ಮತ್ತೆ ಸರಿಯಾಗಿ ಹಿಡಿಯುತ್ತದೆ. ಪ್ರತಿ ಭಾಗಕ್ಕೂ ಕೆಲವು ಸೆಕೆಂಡ್ ಜಾಸ್ತಿ ಹೋಗುತ್ತದೆ. ಮೆಷಿನ್‌ನ ಸೈಕಲ್ ಒಂದು ನಿಮಿಷ ಇದ್ದರೆ ಅದು ಲೆಕ್ಕಕ್ಕಿಲ್ಲ. ಹತ್ತು ಸೆಕೆಂಡ್ ಇದ್ದರೆ ಮೇಜು ಬಿಟ್ಟು ಬಿನ್‌ನಲ್ಲೇ ಭಂಗಿ ಹುಡುಕಬೇಕು.