ಗಡಿ ದಾಟದ ಲಾರಿ: ತಯಾರಿ ಮುಗಿದು ಪ್ರಯತ್ನ ಶುರುವಾಗುವುದೆಲ್ಲಿ?

ತೊಗರಿಯನ್ನು ಹೊರರಾಜ್ಯಕ್ಕೆ ಒಯ್ಯಬಾರದು ಅಂತ ಸರ್ಕಾರದ ಆದೇಶ ಇದೆ ಅಂದ್ಕೊಳ್ಳಿ. ಕಲಬುರಗಿ ಗಂಜ್‌ನಲ್ಲಿ ತೊಗರಿ ತುಂಬಿಕೊಂಡ ಲಾರಿ ಹುಮನಾಬಾದ್ ದಾಟಿ ಜಹೀರಾಬಾದ್ ಕಡೆ ಹೊರಟಿದೆ. ತೆಲಂಗಾಣದ ಗಡಿ ಇನ್ನೂ ಬಂದಿಲ್ಲ, ಅಷ್ಟರಲ್ಲೇ ನಾಕಾದಲ್ಲಿ ತಡೆದರು. ಡ್ರೈವರ್ ಜೇಬಿನಲ್ಲಿ ಹೈದರಾಬಾದ್ ಸಾಹುಕಾರನ ಹೆಸರಿಗೆ ಬರೆದ ಚೀಟಿ ಸಿಕ್ಕಿತು. ಮಾಲು ಕರ್ನಾಟಕದಲ್ಲೇ ಇದೆಯಲ್ವಾ, ಹಾಗಾದರೆ ಅಪರಾಧ ಏನು?

ಹೆಚ್ಚುಕಡಿಮೆ ಇಂಥದ್ದೇ ಲಾರಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. 1966ರ ಅಕ್ಟೋಬರ್‌ನಲ್ಲಿ, ಆಗ ಪಂಜಾಬಿನಲ್ಲಿದ್ದ ಸಮಾಲ್ಖಾ ನಾಕಾದಲ್ಲಿ 75 ಚೀಲ ಭತ್ತದ ಲಾರಿಯೊಂದನ್ನು ತಡೆದರು. ಪರವಾನಗಿ ಇಲ್ಲದೆ ಪಂಜಾಬಿನ ಭತ್ತವನ್ನು ಹೊರಗೆ ಸಾಗಿಸುವಂತಿರಲಿಲ್ಲ. ಲಾರಿಯಲ್ಲಿದ್ದ ಪತ್ರ ದಿಲ್ಲಿಯ ವ್ಯಾಪಾರಿಗೆ ಬರೆದದ್ದು. ಸಮಾಲ್ಖಾದಿಂದ ದಿಲ್ಲಿಗೆ 32 ಮೈಲಿ, ಆದರೆ ರಾಜ್ಯದ ಗಡಿ ಇದ್ದದ್ದು ದಿಲ್ಲಿಯಿಂದ 18 ಮೈಲಿ ಈಚೆಗೆ. ಅಂದರೆ ಗಡಿ ಇನ್ನೂ 14 ಮೈಲಿ ದೂರ ಇತ್ತು. ಕೆಳಗಿನ ಕೋರ್ಟುಗಳು ಆರೋಪಿಗಳಿಗೆ ಶಿಕ್ಷೆ ಕೊಟ್ಟಿದ್ದವು. ಮಲ್ಕಿಯತ್ ಸಿಂಗ್ ಪ್ರಕರಣ ಎಂದು ಹೆಸರಾದ ಇದರಲ್ಲಿ ಸುಪ್ರೀಂ ಕೋರ್ಟ್ 1968ರಲ್ಲಿ ಅವರನ್ನು ಬಿಟ್ಟಿತು. ಇದು ಬರೀ ತಯಾರಿ, ಪ್ರಯತ್ನ ಅಲ್ಲ ಎಂದಿತು. ಆರೋಪಿ ಈಗಲೇ ಮನಸ್ಸು ಬದಲಿಸಿ ನಿಂತುಬಿಟ್ಟರೆ, ಅಲ್ಲಿವರೆಗೆ ಮಾಡಿದ್ದರಿಂದ ಯಾರಿಗೂ ಏನೂ ಕೆಡುಕಾಗುವುದಿಲ್ಲವೇ? ಹಾಗಿದ್ದರೆ ಅದು ತಯಾರಿ. ಇದು ಆ ತೀರ್ಪಿನ ಅಳತೆ.

ಕೋರ್ಟು ಇಂಥ ಅಳತೆ ಹುಡುಕಬೇಕಾಗಿ ಬಂದದ್ದಕ್ಕೆ ಕಾರಣ ಇದೆ. 1860ರ ದಂಡ ಸಂಹಿತೆಯ 511ನೇ ಕಲಂ ಪ್ರಯತ್ನಕ್ಕೆ ಶಿಕ್ಷೆ ಹೇಳುತ್ತಿತ್ತು. ಬೇರೆ ಕಲಂ ಇಲ್ಲದ ಕಡೆ, ಪೂರ್ತಿ ಅಪರಾಧಕ್ಕಿರುವ ಗರಿಷ್ಠ ಜೈಲುವಾಸದ ಅರ್ಧದವರೆಗೆ. ಆದರೆ ಪ್ರಯತ್ನ ಅಂದರೇನು ಅಂತ ಅದು ಬಿಡಿಸಿ ಹೇಳಲಿಲ್ಲ. ಆಭರಣ ಕದಿಯಲು ಪೆಟ್ಟಿಗೆ ಒಡೆದವನಿಗೆ ಒಳಗೆ ಏನೂ ಸಿಗದಿದ್ದರೂ ಅದು ಪ್ರಯತ್ನ ಎಂಬ ಉದಾಹರಣೆ ಕೊಟ್ಟು ಸುಮ್ಮನಾಯಿತು. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಭಾಗಕ್ಕೆ ಆ ಸಂಹಿತೆ ಬಂದದ್ದು 1951ರಲ್ಲಿ. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಇದೆ, 511 ಈಗ 62ನೇ ಕಲಂ. ಗೆರೆ ಎಲ್ಲಿ ಎಂಬುದನ್ನು ಅದೂ ಹೇಳಿಲ್ಲ. ಬರೀ ತಯಾರಿಗೇ ಶಿಕ್ಷೆ ಇರುವುದು ದರೋಡೆಯಂಥ ಕೆಲವೇ ಅಪರಾಧಗಳಲ್ಲಿ.

ಸಮಾಲ್ಖಾ ಲಾರಿಯ ಅಳತೆ ಹೆಚ್ಚು ದಿನ ಹಾಗೇ ಉಳಿಯಲಿಲ್ಲ. 1968ರ ಸೆಪ್ಟೆಂಬರಿನ ಒಂದು ರಾತ್ರಿ ಮುಂಬೈ ಹತ್ತಿರದ ವಸಯಿ ಭಾಗದ ಕಾಮನ್ ಖಾರಿಯ, ಅಂದರೆ ಸಮುದ್ರದ ನೀರು ಒಳನುಗ್ಗುವ ಕಿರುಕೊಲ್ಲಿಯ ಬಳಿ ಕಸ್ಟಮ್ಸ್ ಅಧಿಕಾರಿಗಳು ಒಂದು ಜೀಪು, ಒಂದು ಟ್ರಕ್ ಹಿಡಿದರು. ಒಳಗೆ ಬೆಳ್ಳಿ ಗಟ್ಟಿಗಳಿದ್ದವು. ಕೆಲವನ್ನು ಆಗಲೇ ಕೆಳಗಿಳಿಸಿದ್ದರು. ಖಾರಿ ಕಡೆಯಿಂದ ಯಂತ್ರದ ದೋಣಿಯ ಸದ್ದು ಕೇಳಿಸಿತ್ತು. ಬೆಳ್ಳಿ ಮಾತ್ರ ದೋಣಿ ಏರಿರಲಿಲ್ಲ. ಸೆಷನ್ಸ್ ಕೋರ್ಟು ಬಿಟ್ಟಿತು, ಹೈಕೋರ್ಟೂ ಒಪ್ಪಿತು. 1980ರಲ್ಲಿ ಮೊಹಮ್ಮದ್ ಯಾಕೂಬ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ಇದು ಕಳ್ಳಸಾಗಣೆಯ ಪ್ರಯತ್ನವೇ ಎಂದಿತು. ಕೊನೆಯ ಹೆಜ್ಜೆವರೆಗೆ ಹೋಗಬೇಕಿಲ್ಲ. ಮಾಡಿದ ಕೆಲಸವೇ ಉದ್ದೇಶವನ್ನು ತೋರಿಸಬೇಕು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರು, ಹತ್ತಿರ ಅಂದರೆ ಸಮಯದ ಲೆಕ್ಕದಲ್ಲಿ ಅಲ್ಲ, ಉದ್ದೇಶದ ಲೆಕ್ಕದಲ್ಲಿ ನೋಡಬೇಕು ಎಂದರು. ಮಲ್ಕಿಯತ್ ಅಳತೆಯನ್ನು ಆ ಪ್ರಕರಣದ ಸಂಗತಿಗಳ ಜೊತೆಗೇ ಓದಬೇಕು ಎಂದೂ ಹೇಳಿದರು.

ನನಗೆ ಎರಡನೆಯದೇ ಸರಿ ಅನಿಸುತ್ತದೆ. ಮನಸ್ಸು ಬದಲಿಸಬಹುದಿತ್ತು ಎಂಬ ಮಾತನ್ನು ಖಾರಿ ದಂಡೆಯಲ್ಲಿ ಸಿಕ್ಕವನೂ ಹೇಳಬಹುದಲ್ಲ. ಹಾಗಂತ ಬರೀ ಉದ್ದೇಶಕ್ಕೆ ಶಿಕ್ಷೆ ಕೊಟ್ಟರೆ, ಮನಸ್ಸಿನಲ್ಲಿ ಇದ್ದದ್ದಕ್ಕೆಲ್ಲ ಜೈಲು ಆದೀತು. ಹಾಗಾಗಿ ನಮ್ಮ ತೊಗರಿ ಲಾರಿಯ ವಿಷಯದಲ್ಲಿ ಪಂಚನಾಮೆಯ ವಿವರಗಳು ತುಂಬಾ ಮುಖ್ಯ. ಗಡಿಯ ಈಚೆಗಿನ ಯಾವುದೋ ಸಂತೆಗೂ ಹೋಗಬಹುದಾಗಿದ್ದ ಲಾರಿ ಅದು ಅನ್ನುವಂತಿದ್ದರೆ ಕೇಸು ನಿಲ್ಲುವುದು ಕಷ್ಟ. ನಾಕಾ ತಪ್ಪಿಸಲು ರಾತ್ರಿ ಹೊಲದ ದಾರಿ ಹಿಡಿದು, ಗಡಿಯ ಆಚೆ ಕಾಯುತ್ತಿದ್ದ ಲಾರಿಗೆ ಚೀಲ ದಾಟಿಸಲು ನಿಂತಿದ್ದಾಗ ಸಿಕ್ಕರೆ, ಅದು ಪ್ರಯತ್ನ ಎನ್ನಲು ಗಟ್ಟಿ ಆಧಾರ ಸಿಗುತ್ತದೆ. ಪಡಿತರ ಅಕ್ಕಿಯಾದರೆ ಬೇರೆ ಕಥೆ. ಅದನ್ನು ಅಕ್ರಮವಾಗಿ ಕೂಡಿಟ್ಟದ್ದಕ್ಕೇ ಕೇಸು ಹಾಕಬಹುದು, ಗಡಿಯ ಮಾತು ಬೇಕಿಲ್ಲ.

ಮಾಲು ಕಳಿಸಿದ ಕಲಬುರಗಿ ಸಾಹುಕಾರ ಮನೆಯಲ್ಲೇ ಇದ್ದನಲ್ಲ, ಅವನದ್ದೇನು? ಇಲ್ಲಿ ಕಾನೂನು ಗೆರೆಯನ್ನು ಇನ್ನೂ ಹಿಂದಕ್ಕೆ ಎಳೆದಿದೆ. ಅಪರಾಧ ಮಾಡೋಣ ಎಂದು ಇಬ್ಬರು ಒಪ್ಪಿಕೊಂಡರೆ ಸಾಕು, ಅದೇ ಒಳಸಂಚು. ಲಾರಿ ಗಂಜ್ ಬಿಡುವುದೂ ಬೇಕಿಲ್ಲ. 1913ರಲ್ಲಿ ಅದನ್ನು ಸ್ವತಂತ್ರ ಅಪರಾಧವಾಗಿ ಸೇರಿಸಿದರು, ಈಗ ಅದು 61ನೇ ಕಲಂ. ಆದರೆ ಒಪ್ಪಂದಕ್ಕೆ ಇಬ್ಬರಿಗೂ ವಿಷಯ ಗೊತ್ತಿರಬೇಕು. ಸುಮ್ನೆ ಬಾಡಿಗೆಗೆ ಬಂದ, ನಿಷೇಧದ ಮಾತೇ ತಿಳಿಯದ, ಗಡಿ ಆಚೆ ಹೋಗುವುದೂ ಗೊತ್ತಿಲ್ಲದ ಡ್ರೈವರ್ ಜೊತೆ ಸಂಚು ಆಗುವುದಿಲ್ಲ. ಅವನ ಮೇಲೆ ಪ್ರಯತ್ನವೂ ನಿಲ್ಲದು. ಅಲ್ಲಿ ಕೆಲಸಕ್ಕೆ ಬರುವುದು ದುಷ್ಪ್ರೇರಣೆ. ಕೆಲಸ ಮಾಡಿದವನು ನಿರಪರಾಧಿಯಾದರೂ ಮಾಡಿಸಿದವನು ತಪ್ಪಿಸಿಕೊಳ್ಳಲಾಗದು. ಅಪರಾಧ ನಡೆಯದೇ ಹೋದರೂ, ಸಾಮಾನ್ಯ ನಿಯಮದಂತೆ, ಗರಿಷ್ಠ ಜೈಲುವಾಸದ ಕಾಲುಭಾಗದವರೆಗೆ ಶಿಕ್ಷೆ ಆಗಬಹುದು.